ಅಮೆರಿಕ, ಲಂಡನ್ ಮಾರ್ಕೆಟ್ ಟೈಮಿಗೆ ಗೋಡೆ ಚಾರ್ಟು ಸಾಕಾ?

ಪ್ರಶ್ನೆ: "ದಾವಣಗೆರೆಯಿಂದ ಅಮೆರಿಕದ ಷೇರು ತಗೊಳ್ಳೋಕೆ ಶುರು ಮಾಡಿದ್ದೀನಿ. ಬೇಸಿಗೆ ಟೈಮು, ಚಳಿಗಾಲದ ಟೈಮು ಅಂತ ಎರಡು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿಕೊಂಡರೆ ಸಾಕಾ? ಅಥವಾ ಇದಕ್ಕೆ ಒಳ್ಳೇ ಆ್ಯಪ್ ಇದೆಯಾ?"

ಸಾಲದು. ನನ್ನ ಹತ್ತಿರವೂ ಅಂಥದ್ದೇ ಎರಡು ಚಾರ್ಟ್ ಇದ್ದವು. ಮಂಡಿಪೇಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ, ಗಲ್ಲಾ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೆ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ 2024ರ ಮಾರ್ಚ್‌ನಲ್ಲಿ ಅದೇ ಚಾರ್ಟ್ ನಂಬಿ ಸುಮಾರು ಐವತ್ತು ಸಾವಿರ ರೂಪಾಯಿ ಕಳೆದುಕೊಂಡೆ.

ಅಮೆರಿಕದ ಒಂದು ಸಾಫ್ಟ್‌ವೇರ್ ಕಂಪನಿಯ ಹತ್ತು ಷೇರು ನನ್ನ ಹತ್ತಿರ ಇದ್ದವು. ಒಂದೊಂದು ಸುಮಾರು 500 ಡಾಲರ್. ಮಾರ್ಚ್ 14, ಗುರುವಾರ, ಮಾರ್ಕೆಟ್ ಮುಗಿದ ಮೇಲೆ ಕಂಪನಿಯ ರಿಸಲ್ಟ್ ಇತ್ತು. ರಿಸಲ್ಟ್ ಬರುವಾಗ ಷೇರು ಕೈಯಲ್ಲಿ ಇಟ್ಟುಕೊಳ್ಳಬಾರದು, ದಿನವಿಡೀ ಏರಿದಷ್ಟು ಏರಲಿ, ಕೊನೆ ಅರ್ಧ ಗಂಟೆಯಲ್ಲಿ ಮಾರಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. ನನ್ನ ಚಳಿಗಾಲದ ಚಾರ್ಟ್ ಪ್ರಕಾರ ನ್ಯೂಯಾರ್ಕ್ ನಮ್ಮ ರಾತ್ರಿ 8ಕ್ಕೆ ತೆರೆದು ಬೆಳಗಿನ ಜಾವ 2:30ಕ್ಕೆ ಮುಚ್ಚಬೇಕು. 2 ಗಂಟೆಗೆ ಅಲಾರಂ ಇಟ್ಟು, ಮನೆಯವರ ನಿದ್ದೆ ಕೆಡಬಾರದು ಅಂತ ಫೋನನ್ನು ದಿಂಬಿನ ಕೆಳಗೆ ಇಟ್ಟು ಮಲಗಿದೆ. ಎದ್ದು ಆ್ಯಪ್ ತೆಗೆದರೆ ಮಾರುವ ಬಟನ್ ಮೇಲೆ "ಮಾರ್ಕೆಟ್ ಮುಚ್ಚಿದೆ" ಅಂತ ಇತ್ತು. 1:30ಕ್ಕೇ ಮುಚ್ಚಿಯಾಗಿತ್ತು. ರಿಸಲ್ಟೂ ಬಂದಾಗಿತ್ತು. ಮರುದಿನ ಸಂಜೆ ಷೇರು ಶೇಕಡಾ 12 ಕೆಳಗೆ ತೆರೆಯಿತು. 5,000 ಡಾಲರಿನಲ್ಲಿ 600 ಡಾಲರ್ ಹೋಯಿತು.

ತಪ್ಪು ಎಲ್ಲಿ ಆಯ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡು ಚಾರ್ಟಿನಲ್ಲೂ ಅದೇ ಕೂತಿದೆ. ಗಡಿಯಾರ ಬದಲಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಇಂಗ್ಲೆಂಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಕೇಳಿದ್ದೆ. "ಮಾರ್ಚ್ 31ಕ್ಕಣ್ಣ, ಭಾನುವಾರ" ಅಂದಿದ್ದ. ಅವನು ಹೇಳಿದ್ದು ಅವನ ದೇಶಕ್ಕೆ ಸರಿ. ನಾನು ಮಾತ್ರ ಅದನ್ನು ಅಮೆರಿಕಕ್ಕೂ ಸೇರಿಸಿ, 31ರ ತನಕ ಚಳಿಗಾಲದ ಚಾರ್ಟು, ಆಮೇಲೆ ಬೇಸಿಗೆ ಚಾರ್ಟು ಅಂತ ಗೆರೆ ಎಳೆದುಬಿಟ್ಟೆ. ಅಮೆರಿಕದಲ್ಲಿ ಗಡಿಯಾರ ಮಾರ್ಚ್ 10ಕ್ಕೇ ಮುಂದೆ ಹೋಗಿತ್ತು.

ಎರಡೂ ಕಡೆಯ ನಿಯಮ ಬೇರೆ ಬೇರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ. 2007ರಿಂದ ಹೀಗೆ ನಡೆಯುತ್ತಿದೆ. ಬ್ರಿಟನ್ನು, ಯುರೋಪಿನಲ್ಲಿ ಮಾರ್ಚ್‌ನ ಕೊನೆ ಭಾನುವಾರ ಮುಂದೆ, ಅಕ್ಟೋಬರ್‌ನ ಕೊನೆ ಭಾನುವಾರ ಹಿಂದೆ. ಹೀಗಾಗಿ ಮಾರ್ಚ್‌ನಲ್ಲಿ ಎರಡು ಅಥವಾ ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ, ನ್ಯೂಯಾರ್ಕ್ ಬೇಸಿಗೆ ಟೈಮಿನಲ್ಲಿ ಇರುತ್ತದೆ, ಲಂಡನ್ ಚಳಿಗಾಲದ ಟೈಮಿನಲ್ಲಿ ಇರುತ್ತದೆ. ನಿಮ್ಮ ಎರಡು ಚಾರ್ಟಿನಲ್ಲಿ ಈ ವಾರಗಳಿಗೆ ಜಾಗವೇ ಇಲ್ಲ.

ನಮ್ಮ ಗಡಿಯಾರದಲ್ಲಿ ನೋಡಿ. ಲಂಡನ್ ಅವರ ಬೆಳಿಗ್ಗೆ 8ರಿಂದ ಸಂಜೆ 4:30ರವರೆಗೆ. ಬೇಸಿಗೆಯಲ್ಲಿ ಅದು ನಮಗೆ ಮಧ್ಯಾಹ್ನ 12:30ರಿಂದ ರಾತ್ರಿ 9. ಚಳಿಗಾಲದಲ್ಲಿ 1:30ರಿಂದ ರಾತ್ರಿ 10. ನ್ಯೂಯಾರ್ಕ್ ಅವರ 9:30ರಿಂದ ಸಂಜೆ 4, ಬೇಸಿಗೆಯಲ್ಲಿ ನಮಗೆ ರಾತ್ರಿ 7ಕ್ಕೆ ಶುರು, ಚಳಿಗಾಲದಲ್ಲಿ 8ಕ್ಕೆ. ಎರಡೂ ಒಟ್ಟಿಗೆ ತೆರೆದಿರುವುದು ಬೇಸಿಗೆಯಲ್ಲಿ 7ರಿಂದ 9, ಚಳಿಗಾಲದಲ್ಲಿ 8ರಿಂದ 10. ಹೇಗೆ ನೋಡಿದರೂ ಎರಡೇ ಗಂಟೆ. ಆದರೆ ಆ ನಡುವಿನ ವಾರಗಳಲ್ಲಿ ನ್ಯೂಯಾರ್ಕ್ 7ಕ್ಕೇ ತೆರೆಯುತ್ತದೆ, ಲಂಡನ್ 10ರವರೆಗೂ ನಡೆಯುತ್ತದೆ. ಮೂರು ಗಂಟೆ ಆಯಿತಲ್ವಾ?

ನೀವು ನಿಫ್ಟಿಯಲ್ಲೂ ದಿನದ ವ್ಯಾಪಾರ ಮಾಡುವವರಾದರೆ ಲಂಡನ್ ದಿನಾಂಕವನ್ನೇ ಜಾಸ್ತಿ ನೋಡಬೇಕು. ನಮ್ಮದು 9:15ರಿಂದ 3:30, ವರ್ಷವಿಡೀ ಬದಲಾಗುವುದಿಲ್ಲ. ಆದರೆ ಲಂಡನ್ ಜೊತೆ ನಮಗೆ ಬೇಸಿಗೆಯಲ್ಲಿ ಮೂರು ಗಂಟೆ ಸಿಗುತ್ತದೆ, ಚಳಿಗಾಲದಲ್ಲಿ ಎರಡೇ ಗಂಟೆ. "ಯುರೋಪ್ ತೆರೆದ ಮೇಲೆ ನೋಡೋಣ" ಅಂತ 12:30ಕ್ಕೆ ಕಾಯುವವರು ಅಕ್ಟೋಬರ್‌ನ ಆ ಸೋಮವಾರದಿಂದ 1:30ರ ತನಕ ಕಾಯಬೇಕು. ನ್ಯೂಯಾರ್ಕ್ ಜೊತೆ ನಮಗೆ ಯಾವ ಕಾಲದಲ್ಲೂ ಒಂದು ನಿಮಿಷವೂ ಸಿಗುವುದಿಲ್ಲ. ನಮ್ಮದು ಮುಗಿದು ಮೂರೂವರೆ ಗಂಟೆಗೋ ನಾಲ್ಕೂವರೆ ಗಂಟೆಗೋ ಅವರದು ಶುರು.

ಆ ವಾರ ನನ್ನ ಕಣ್ಣೆದುರಿಗೇ ಸುಳಿವು ಇತ್ತು. ಸೋಮವಾರದಿಂದಲೂ ಸಂಜೆ 7:20ರ ಹೊತ್ತಿಗೆ ಆ್ಯಪ್‌ನಲ್ಲಿ ಬೆಲೆ ಜೋರಾಗಿ ಓಡುತ್ತಿತ್ತು. ಮಾರ್ಕೆಟ್ ತೆರೆಯುವ ಮುಂಚಿನ ವ್ಯಾಪಾರ ಇರಬೇಕು ಅಂದುಕೊಂಡೆ. ಅಂಥ ವ್ಯಾಪಾರ ನಿಜವಾಗಿಯೂ ಇದೆ, ನ್ಯೂಯಾರ್ಕಿನ ಬೆಳಗಿನ 4ರಿಂದಲೇ ನಡೆಯುತ್ತದೆ. ಆದರೆ ಆಗ ಬೆಲೆಯ ಪಕ್ಕ Pre-market ಅಂತ ಬರೆದಿರುತ್ತದೆ, ಕೈ ಬದಲಾಗುವ ಷೇರುಗಳೂ ಕಡಿಮೆ. ಆ ಪದ ಅಲ್ಲಿ ಇರಲಿಲ್ಲ. ನಾನು ಬೆಲೆ ನೋಡಿದೆ, ಪಕ್ಕದ ಪದ ನೋಡಲಿಲ್ಲ. ಶುಕ್ರವಾರ ಬೆಳಿಗ್ಗೆ ಪಕ್ಕದ ಬೆಳ್ಳಿ ಬಂಗಾರದ ಅಂಗಡಿಯ ಯಜಮಾನರಿಗೆ ಇದನ್ನು ಹೇಳಿದೆ. ಅವರು ನಮ್ಮ ದೇಶದ ಸರಕು ಮಾರ್ಕೆಟ್ ಆದ ಎಂಸಿಎಕ್ಸ್‌ನಲ್ಲಿ ಬಂಗಾರದ ರೇಟ್ ನೋಡುವವರು. "ನಮ್ದು ಸೋಮವಾರದಿಂದ್ಲೇ ಹನ್ನೊಂದೂವರಿಗೆ ಮುಗೀತೈತಲ್ಲೋ ತಮ್ಮಾ, ನನ್ನ ಕೇಳಬಾರದಾಗಿತ್ತಾ?" ಅಂದರು. ಹೌದು, ಎಂಸಿಎಕ್ಸ್‌ನಲ್ಲಿ ಬಂಗಾರ, ಕಚ್ಚಾ ತೈಲದ ರಾತ್ರಿ ವ್ಯಾಪಾರ ಚಳಿಗಾಲದಲ್ಲಿ 11:55ಕ್ಕೆ, ಬೇಸಿಗೆಯಲ್ಲಿ 11:30ಕ್ಕೆ ಮುಗಿಯುತ್ತದೆ. ಅದು ಬದಲಾಗುವುದು ಅಮೆರಿಕದ ದಿನಾಂಕ ನೋಡಿಕೊಂಡು.

ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಅನ್ನುವ ಸ್ಟಾಪ್ ಲಾಸ್ ಹಾಕಿದ್ದರೆ ಉಳಿಯುತ್ತಿತ್ತಲ್ಲ ಅಂತ ಹಲವರು ಕೇಳಿದರು. ಉಳಿಯುತ್ತಿರಲಿಲ್ಲ. ಮಾರ್ಕೆಟ್ ಮುಚ್ಚಿದಾಗ ಬಂದ ಸುದ್ದಿಗೆ ಬೆಲೆ ನಡುವಿನ ಮೆಟ್ಟಿಲು ಹಾರಿ ಕೆಳಗೇ ತೆರೆಯುತ್ತದೆ. 480ಕ್ಕೆ ಸ್ಟಾಪ್ ಇಟ್ಟಿದ್ದರೂ ಮಾರಾಟ ಆಗುತ್ತಿದ್ದದ್ದು 440ರ ಹತ್ತಿರ. ಮುಚ್ಚಿದ ನಂತರದ ವ್ಯಾಪಾರ ನ್ಯೂಯಾರ್ಕಿನ ರಾತ್ರಿ 8ರವರೆಗೆ ಇರುತ್ತದೆ, ಆದರೆ ನನ್ನ ಆ್ಯಪ್ ಅದಕ್ಕೆ ಬಿಡುತ್ತಿರಲಿಲ್ಲ. ನಿಮ್ಮದು ಬಿಡುತ್ತದಾ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಇನ್ನು ಆ್ಯಪ್ ವಿಚಾರ. ಬೇರೆ ಯಾವುದೂ ಬೇಡ. ಫೋನಿನ ಗಡಿಯಾರದಲ್ಲಿ ವರ್ಲ್ಡ್ ಕ್ಲಾಕ್ ತೆಗೆದು New York, London ಎರಡು ಊರು ಸೇರಿಸಿ. ಊರಿನ ಹೆಸರನ್ನೇ ಹಾಕಿ. EST ಅಂತ ಬರೆದುಕೊಂಡು ಅದಕ್ಕೆ ಹತ್ತೂವರೆ ಗಂಟೆ ಕೂಡಿಸುವ ಅಭ್ಯಾಸ ಬೇಡವೇ ಬೇಡ. EST ಚಳಿಗಾಲದ ಹೆಸರು, ಬೇಸಿಗೆಯಲ್ಲಿ ಕೂಡಿಸಬೇಕಾದದ್ದು ಒಂಬತ್ತೂವರೆ. ಪ್ರೋಗ್ರಾಮ್ ಬರೆದು ಲೆಕ್ಕ ಇಟ್ಟರೂ ಅಷ್ಟೇ, `America/New_York`, `Europe/London` ಅಂತ ಊರಿನ ಹೆಸರಿನ ವಲಯ ಬಳಸಿ.

ಗೋಡೆಯ ಚಾರ್ಟ್ ಹರಿದುಹಾಕಿ. ಅದರ ಜಾಗದಲ್ಲಿ ನ್ಯೂಯಾರ್ಕ್ 9:30–4, ಲಂಡನ್ 8–4:30 ಅಂತ ಅವರವರ ಗಡಿಯಾರದಲ್ಲೇ ಬರೆಯಿರಿ. ಗಡಿಯಾರ ಮುಂದೆ ಹಿಂದೆ ಹೋದರೂ ಈ ಅಂಕಿಗಳು ಬದಲಾಗುವುದಿಲ್ಲ. ಅಲಾರಂ ಇಡುವ ಮುಂಚೆ ಫೋನಿನಲ್ಲಿ ನ್ಯೂಯಾರ್ಕ್‌ನಲ್ಲಿ ಈಗ ಎಷ್ಟು ಗಂಟೆ ಅಂತ ನೋಡಿ, ಅಲ್ಲಿಂದ 4 ಗಂಟೆಗೆ ಎಷ್ಟು ಹೊತ್ತು ಉಳಿದಿದೆ ಅಂತ ಲೆಕ್ಕ ಹಾಕಿ. ಆ ರಾತ್ರಿ ಹನ್ನೊಂದಕ್ಕೆ ಮಲಗುವಾಗ ನಾನು ಇಷ್ಟು ಮಾಡಿದ್ದರೆ ನ್ಯೂಯಾರ್ಕ್‌ನಲ್ಲಿ 1:30 ಅಂತ ಕಾಣುತ್ತಿತ್ತು, ಎರಡೂವರೆ ಗಂಟೆ ಮಾತ್ರ ಉಳಿದಿದೆ ಅಂತ ತಿಳಿಯುತ್ತಿತ್ತು.

ದಿನಾಂಕ ಬೇಕೇ ಬೇಕು ಅಂದರೆ 2026ಕ್ಕೆ: ಅಮೆರಿಕ ಮಾರ್ಚ್ 8, ಯುರೋಪ್ ಮಾರ್ಚ್ 29, ಮತ್ತೆ ಯುರೋಪ್ ಅಕ್ಟೋಬರ್ 25, ಅಮೆರಿಕ ನವೆಂಬರ್ 1.