ಉತ್ತರ ಸರಿ, ಕಾರಣ ತಪ್ಪು

«x ಸೊನ್ನೆಯ ಹತ್ತಿರ ಹೋದಂತೆ 1/x ಅನಂತವಾಗುತ್ತದೆ. ಆದ್ದರಿಂದ e^(1/x) ಕೂಡ ಅನಂತವಾಗುತ್ತದೆ. ಹೀಗಾಗಿ ಸೊನ್ನೆಯಲ್ಲಿ ಎರಡೂ ಬದಿ ಸೇರಿದ ಲಿಮಿಟ್ ಇಲ್ಲ. ನನ್ನ ಈ ಲೇಖನ ಪ್ರಕಟಣೆಗೆ ಆಗುತ್ತದೆಯೇ?»

ನಿಮ್ಮ ಭಾಷೆ ತಿಳಿಯಾಗಿದೆ, ಗ್ರಾಫ್ ಅಚ್ಚುಕಟ್ಟಾಗಿದೆ. ಆದರೆ ಈ ಮೂರು ವಾಕ್ಯಗಳಿರುವಾಗ ಲೇಖನವನ್ನು ಪ್ರಕಟಿಸಲಾರೆ. ಲಿಮಿಟ್ ಕಲಿಸುತ್ತಿದ್ದ ನನ್ನ ಮೇಷ್ಟ್ರು ಕೊನೆಯ ಸಾಲನ್ನು ಕೈಯಿಂದ ಮುಚ್ಚಿ ಕಾರಣವನ್ನಷ್ಟೇ ಓದುತ್ತಿದ್ದರು. ನಾನೂ ಹಾಗೆಯೇ ಓದುತ್ತೇನೆ.

ಮೊದಲ ವಾಕ್ಯ ಬಲಗಡೆಗೆ ಮಾತ್ರ ನಿಜ. x = 0.1 ಆದರೆ ಘಾತ 10, ಬೆಲೆ ಸುಮಾರು 22026. x = −0.1 ಆದರೆ ಘಾತ −10, ಬೆಲೆ ಸುಮಾರು 0.000045. ಎಡಗಡೆಯಿಂದ ಬಂದಾಗ 1/x ಋಣ ಅನಂತದ ಕಡೆಗೆ ಓಡುತ್ತದೆ, ಆಗ e^(1/x) ಸೊನ್ನೆಗೆ ಇಳಿಯುತ್ತದೆ. 1/x ನ ಚಿಹ್ನೆಯನ್ನು ನೀವು ನೋಡಲೇ ಇಲ್ಲ. ಎರಡನೇ ವಾಕ್ಯದ ತಪ್ಪೂ ಅಲ್ಲಿಂದಲೇ ಬಂದದ್ದು.

ಮೂರನೆಯದು ನನ್ನನ್ನು ಹೆಚ್ಚು ಕಾಡಿತು. ನಿಮ್ಮ ವಾದದಂತೆ e^(1/x) ಗೂ 1/x² ಗೂ ವ್ಯತ್ಯಾಸವೇ ಉಳಿಯುವುದಿಲ್ಲ. 1/x² ಎರಡೂ ಕಡೆಯಿಂದ ಅನಂತಕ್ಕೇರುತ್ತದೆ. ಅದಕ್ಕೆ ಪರಿಮಿತ ಲಿಮಿಟ್ ಇಲ್ಲದಿದ್ದರೂ «ಲಿಮಿಟ್ ಅನಂತ» ಎಂದು ಬರೆಯಬಹುದು. e^(1/x) ಗೆ ಹಾಗೆ ಬರೆಯಲೂ ಆಗದು. ಒಂದು ಬದಿಯಲ್ಲಿ ಅನಂತ, ಇನ್ನೊಂದು ಬದಿಯಲ್ಲಿ ಸೊನ್ನೆ. ಎರಡೂ ಒಂದೇ ಕಡೆ ಸೇರುವುದಿಲ್ಲ.

ಇದನ್ನು ಅಂಕಿಗಳಲ್ಲಿ ತೋರಿಸಿ. ಬಲಗಡೆ ಬೆಲೆ 1000 ಮೀರಬೇಕಾದರೆ 1/x > ln 1000 ಆಗಬೇಕು. ln 1000 ಸುಮಾರು 6.908. ಹಾಗಾಗಿ 0 < x < 0.1447 ಇದ್ದರೆ ಸಾಕು. ಎಡಗಡೆ ಬೆಲೆ 0.001 ಕ್ಕಿಂತ ಕಡಿಮೆ ಆಗಬೇಕಾದರೆ 1/x < −6.908 ಆಗಬೇಕು. ಇಲ್ಲಿ ಜಾಗ್ರತೆ ಬೇಕು: x ಋಣವಾದ್ದರಿಂದ ಎರಡೂ ಬದಿಯನ್ನು x ನಿಂದ ಗುಣಿಸಿದಾಗ ಅಸಮತೆಯ ದಿಕ್ಕು ತಿರುಗಿ 1 > −6.908x ಆಗುತ್ತದೆ. ಅದರಿಂದ −0.1447 < x < 0 ಬರುತ್ತದೆ. ತಿರುಗಿಸಲು ಮರೆತರೆ x < −0.1447 ಎಂದು ಬಂದು, ಸೊನ್ನೆಯಿಂದ ದೂರದ ಬೆಲೆಗಳು ಸಿಗುತ್ತವೆ. ತಪ್ಪು ಅಲ್ಲೇ ಗೊತ್ತಾಗುತ್ತದೆ.

ಈಗ L ಎಂಬ ಪರಿಮಿತ ಲಿಮಿಟ್ ಇದೆ ಎಂದುಕೊಳ್ಳಿ. ಆಗ ಸೊನ್ನೆಗೆ ಸಾಕಷ್ಟು ಹತ್ತಿರದ ಎಲ್ಲ x ಗೂ (ಸೊನ್ನೆಯನ್ನು ಬಿಟ್ಟು) ಬೆಲೆ L ನಿಂದ 1 ಕ್ಕಿಂತ ಕಡಿಮೆ ದೂರದಲ್ಲಿರಬೇಕು. ಅಂದರೆ ಅಂಥ ಯಾವ ಎರಡು ಬೆಲೆಗಳ ಅಂತರವೂ 2 ಮೀರಬಾರದು. ಆದರೆ ಸೊನ್ನೆಯ ಸುತ್ತಲಿನ ಆ ವ್ಯಾಪ್ತಿಯನ್ನು ಎಷ್ಟೇ ಕಿರಿದಾಗಿಸಿದರೂ ಎಡಗಡೆ 0.001 ಕ್ಕಿಂತ ಚಿಕ್ಕದು, ಬಲಗಡೆ 1000 ಕ್ಕಿಂತ ದೊಡ್ಡದು ಸಿಕ್ಕೇ ಸಿಗುತ್ತದೆ. ಆದ್ದರಿಂದ ಅಂಥ L ಇಲ್ಲ.

ಕೊನೆಯ ಪುಟದಲ್ಲಿ x = −0.001 ಕ್ಕೆ ಕ್ಯಾಲ್ಕುಲೇಟರ್ 0 ತೋರಿಸಿತೆಂದು e^(1/x) = 0 ಎಂದು ಬರೆದಿದ್ದೀರಿ. e^(−1000) ಅತಿ ಚಿಕ್ಕದಾದರೂ ಧನ ಸಂಖ್ಯೆಯೇ. ಯಂತ್ರಕ್ಕೆ ಅದನ್ನು ಹಿಡಿದಿಡಲಾಗದೆ 0 ಎನ್ನುತ್ತದೆ. ಸಮ ಚಿಹ್ನೆ ತೆಗೆದು «ಸೊನ್ನೆಯತ್ತ ಸಾಗುತ್ತದೆ» ಎಂದು ಬರೆದು, ಆ ಮೂರು ವಾಕ್ಯಗಳನ್ನು ತಿದ್ದಿ ಮತ್ತೆ ಕಳುಹಿಸಿ.