ಆನೆಕಾಲು ಮಾತ್ರೆ: ‘ಏನೂ ಆಗಲ್ಲ’ ಅಂತ ಮಾತ್ರ ಬರೆಯಬೇಡಿ

“ಯಾದಗಿರಿ ಕಡೆ ನಮ್ಮೂರಲ್ಲಿ ನಾಡಿದ್ದು ಆನೆಕಾಲು ರೋಗದ ಮಾತ್ರೆ ಕೊಡ್ತಾರೆ. ಊರಿನ ವಾಟ್ಸಾಪ್ ಗುಂಪಿಗೆ ಹೀಗೆ ಬರೆದಿದ್ದೇನೆ: ‘ಯಾವುದೇ ಅಡ್ಡಪರಿಣಾಮ ಇಲ್ಲ, ಎಲ್ಲರೂ ನುಂಗಿ.’ ಸಾಕಾ?”

ತಮ್ಮಾ, ಆ ಮೊದಲ ಸಾಲು ತೆಗೆದುಬಿಡು. ನಮ್ಮೂರಲ್ಲೂ ಇದೇ ಸಾಲನ್ನು ಮೈಕಿನಲ್ಲಿ ಕೂಗಿಸಿದ್ದರು. ನಮ್ಮ ಓಣಿಯ ಒಬ್ಬ ಗಟ್ಟಿಮುಟ್ಟಾದ ಆಳು ಮಧ್ಯಾಹ್ನ ರೊಟ್ಟಿ ಉಂಡು ಮಾತ್ರೆ ನುಂಗಿದ. ರಾತ್ರಿ ಚಳಿ ಜ್ವರ, ತಲೆನೋವು, ಮೈಕೈ ನೋವು ಶುರುವಾಯಿತು. ಅದೇ ಮನೆಯಲ್ಲಿ ಹೆಂಡತಿಗೆ, ಮಕ್ಕಳಿಗೆ ಏನೂ ಇಲ್ಲ. ಬೆಳಗಾಗುವಷ್ಟರಲ್ಲಿ ‘ಅವನಿಗೆ ಎಕ್ಸ್‌ಪೈರಿ ಮಾತ್ರೆ ಕೊಟ್ಟಿದ್ದಾರೆ’ ಅಂತ ಸುದ್ದಿ. ಆಶಾ ಬಂದರೆ ಬಾಗಿಲು ಹಾಕಿಕೊಂಡರು. ಅವನು ಪ್ಯಾರಾಸಿಟಮಾಲ್ ತೆಗೆದುಕೊಂಡು ಮರುದಿನ ಮಲಗಿದ್ದ, ಅದರ ಮರುದಿನ ಹೊಲಕ್ಕೆ ಹೋದ. ಆದರೆ ಸುದ್ದಿ ಮಾತ್ರ ನಿಲ್ಲಲಿಲ್ಲ.

ಅವನೊಬ್ಬನಿಗೇ ಯಾಕೆ? ಕಾಲು ಬಾತಿರದಿದ್ದರೂ ರಕ್ತದಲ್ಲಿ ಆನೆಕಾಲು ರೋಗದ ಮರಿಹುಳು ಇರಬಹುದು. ಅವು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತವೆ. ಅದಕ್ಕೇ ರಕ್ತ ತೆಗೆಯುವವರು ರಾತ್ರಿ ಬರುತ್ತಾರೆ. ಮಾತ್ರೆ ಬಿದ್ದಾಗ ಹುಳು ಗುಂಪಾಗಿ ಸಾಯುತ್ತವೆ, ಆಗ ಮೈ ಸಿಟ್ಟಿಗೇಳುತ್ತದೆ. ಹುಳು ಜಾಸ್ತಿ ಇದ್ದಷ್ಟೂ ಜ್ವರ ಜಾಸ್ತಿ. ಗುಂಪಿನಲ್ಲಿ ಒಬ್ಬರು ‘ಜ್ವರ ಬರದಿದ್ದರೆ ಮಾತ್ರೆ ಡೂಪ್ಲಿಕೇಟ್’ ಅಂದಿದ್ದಾರಲ್ಲ, ಅದು ತಪ್ಪು. ಹುಳು ಇಲ್ಲದವರಿಗೆ ಜ್ವರ ಯಾಕೆ ಬರಬೇಕು? ಹಾಗಂತ ತಲೆ ತಿರುಗಿದವರಿಗೆಲ್ಲ ಹುಳು ಇತ್ತು ಅಂತಲೂ ಹೇಳಲಾಗದು. ಖಾಲಿ ಹೊಟ್ಟೆ, ಹೆದರಿಕೆ, ಮಾತ್ರೆಯ ಗುಣ, ಯಾವುದಾದರೂ ಇರಬಹುದು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಹೊಟ್ಟೆತುಂಬ ಉಂಡು, ಆಶಾ ಎದುರಿಗೇ ನುಂಗಿ. ಕೆಲವರಿಗೆ ಆ ದಿನವೋ ಮರುದಿನವೋ ಜ್ವರ, ತಲೆನೋವು, ವಾಕರಿಕೆ, ಮೈನೋವು ಬರಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ. ನೀರು ಕುಡಿದು ಮಲಗಿ, ಜ್ವರದ ಮಾತ್ರೆಯನ್ನು ಆಶಾ ಹತ್ತಿರ ಕೇಳಿ. ಉಸಿರು ಕಟ್ಟಿದರೆ, ಮುಖ ಬಾತರೆ, ಪ್ರಜ್ಞೆ ತಪ್ಪಿದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.” ಇದರ ಕೆಳಗೆ ಆಶಾ ನಂಬರ್, ಆಸ್ಪತ್ರೆಯ ನಂಬರ್ ಹಾಕು. ಮಾತ್ರೆ ಕೊಡುವ ದಿನಗಳಲ್ಲಿ ಇಂಥದ್ದಕ್ಕೇ ಒಂದು ತಂಡ ಸಿದ್ಧ ಇರುತ್ತದೆ, ಅವರ ನಂಬರ್ ಕೇಳಿ ಇಟ್ಟುಕೋ. ಜ್ವರಕ್ಕೆ ಡೋಲೋನೇ ಬೇಕು ಅಂತ ಹಠ ಹಿಡಿಯುವವರಿದ್ದಾರೆ. ಪ್ಯಾರಾಸಿಟಮಾಲ್ ಯಾವ ಕಂಪನಿಯದಾದರೂ ಒಂದೇ ಮಾರಾಯಾ.

ಗಂಡಸರಿಗೆ ಒಂದು ಮಾತು ಬೇರೆಯಾಗಿ ಹೇಳಲೇಬೇಕು. ಕೆಲವರಿಗೆ ಕೆಲವು ದಿನ ಬಿಟ್ಟು ವೃಷಣದ ಹತ್ತಿರ ನೋವು, ಗಂಟು ಕಾಣಿಸುತ್ತದೆ. ಒಳಗಿನ ದೊಡ್ಡ ಹುಳು ಸತ್ತಾಗ ಹೀಗಾಗುತ್ತದೆ. ನಾಚಿಕೆಗೆ ಮುಚ್ಚಿಟ್ಟುಕೊಂಡು ಮಂತ್ರ ಹಾಕಿಸಲು ಹೋಗುತ್ತಾರೆ. ಆಸ್ಪತ್ರೆಯಲ್ಲಿ ತೋರಿಸಬೇಕು.

ಇನ್ನು ಈ ಗುಂಪಿನಲ್ಲೇ ಒಬ್ಬ ಕಾಕಾ ‘ಇದು ಕುರಿಗೆ ಕುಡಿಸೋ ಔಷಧಿ’ ಅಂದಿದ್ದಾರೆ. ಹೌದು, ಅಲ್ಬೆಂಡಜೋಲ್ ಕುರಿಗೂ ಕುಡಿಸುತ್ತೇವೆ, ಐವರ್ಮೆಕ್ಟಿನ್ ದನಕ್ಕೂ ಚುಚ್ಚಿಸುತ್ತೇವೆ. ಹೆಸರು ಒಂದೇ, ಆದರೆ ಮನುಷ್ಯರದ್ದು ಬೇರೆ ತಯಾರಿಕೆ, ಬೇರೆ ಲೆಕ್ಕ. ಡಿಇಸಿ, ಅಲ್ಬೆಂಡಜೋಲ್, ಐವರ್ಮೆಕ್ಟಿನ್ ಅಂತ ಮೂರೂ ಔಷಧಿ ಕೊಡುವ ಊರಲ್ಲಿ ಐವರ್ಮೆಕ್ಟಿನ್ ಎತ್ತರ ಅಳೆದು ಕೊಡುತ್ತಾರೆ, ಡಿಇಸಿ ವಯಸ್ಸು ನೋಡಿ: 2ರಿಂದ 5 ವರ್ಷಕ್ಕೆ ಒಂದು, 6ರಿಂದ 14ಕ್ಕೆ ಎರಡು, ಮೇಲಿನವರಿಗೆ ಮೂರು. ಅಲ್ಬೆಂಡಜೋಲ್ ಒಂದೇ, ಅಗಿದು ತಿನ್ನಬೇಕು. ಸಣ್ಣ ಮಕ್ಕಳಿಗೆ ಪುಡಿ ಮಾಡಿ ಕೊಡಿ, ಗಂಟಲಿಗೆ ಸಿಕ್ಕೀತು. ಎತ್ತರದ ಆಳಿಗೆ ಒಟ್ಟು ಎಂಟು ಮಾತ್ರೆ ಬರುತ್ತವೆ. ಅಂಗೈ ತುಂಬ ನೋಡಿಯೇ ಅರ್ಧ ಜನ ಹೆದರುತ್ತಾರೆ, ಅದನ್ನೂ ಮೊದಲೇ ಹೇಳಿಬಿಡು. ದನದ ಬಾಟಲಿಯಿಂದ ಮಾತ್ರ ಯಾರೂ ಕುಡಿಯಬೇಡಿ.

2 ವರ್ಷದೊಳಗಿನ ಕೂಸು, ಬಸುರಿಯರು, ತುಂಬಾ ಕಾಯಿಲೆ ಬಿದ್ದವರಿಗೆ ಕೊಡುವುದಿಲ್ಲ. ಹೆತ್ತು ವಾರವೂ ಆಗದ ಬಾಣಂತಿಗೆ ಐವರ್ಮೆಕ್ಟಿನ್ ಬೇಡ. ಬಿಪಿ, ಶುಗರ್ ಇದ್ದವರು ನುಂಗಬಹುದು, ಮಾತ್ರೆ ಕೊಡುವವರಿಗೆ ಹೇಳಿ ನುಂಗಿದರಾಯಿತು. ‘ಆಮೇಲೆ ನುಂಗ್ತೀನಿ’ ಅಂತ ಇಸಿದುಕೊಂಡು ಹೋದರೆ ಅದು ಗೋಡೆಯ ಗೂಡಿನಲ್ಲೇ ಉಳಿಯುತ್ತದೆ, ನೋಡಿದ್ದೇನೆ. ಬೆಳಿಗ್ಗೆ ಬರೀ ಚಹಾ ಕುಡಿದು ಹೊಲಕ್ಕೆ ಹೋಗುವವರಿಗೆ ಸಂಜೆ ಊಟದ ನಂತರ ಬರಲು ಆಶಾಗೆ ಹೇಳು.

‘ನನ್ನ ಕಾಲು ಬಾತಿದೆ, ಮಾತ್ರೆಗೆ ಇಳಿಯುತ್ತಾ?’ ಅಂತ ಅಕ್ಕ ಒಬ್ಬರು ಕೇಳಿದ್ದಾರೆ. ಬಹಳ ವರ್ಷದ ಬಾವು ಮಾತ್ರೆಗೆ ಇಳಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ ಅಕ್ಕಾ. ದಿನಾ ಸೋಪು ಹಚ್ಚಿ ತೊಳೆದು, ಬೆರಳ ಸಂದಿ ಒಣಗಿಸಿ, ಕೂತಾಗ ಕಾಲು ಎತ್ತರಕ್ಕಿಡಿ. ಬೆರಳ ಸಂದಿ ಬಿರುಕು ಬಿಟ್ಟರೆ ಮತ್ತೆ ಮತ್ತೆ ಜ್ವರ ಬಂದು ಬಾವು ಹೆಚ್ಚುತ್ತದೆ. ಮತ್ತೆ ಈ ರೋಗ ಹರಡುವ ಸೊಳ್ಳೆ ಗಲೀಜು ನೀರಲ್ಲಿ ಹುಟ್ಟುತ್ತದೆ. ಶೌಚದ ಗುಂಡಿಯ ಗಾಳಿ ಪೈಪಿಗೆ ಬಲೆ ಕಟ್ಟಿ. ಹಳೆ ಸೊಳ್ಳೆ ಪರದೆಯ ತುಂಡು ಸಾಕು, ತಂತಿಯಿಂದ ಬಿಗಿದರೆ ಆಯಿತು.