ತ್ರೈಮಾಸಿಕ ಪರಿಶೀಲನಾ ಸಭೆ: ತಪ್ಪಿದ ತಿಂಗಳನ್ನು ಎಲ್ಲಿ ಇಡಬೇಕು?

"ಅಪ್ಲಿಕೇಶನ್ ಸಪೋರ್ಟ್ ಗ್ರಾಹಕರಿಗೆ ಮೊದಲ ಬಾರಿ ಕ್ಯೂಬಿಆರ್, ಅಂದರೆ ತ್ರೈಮಾಸಿಕ ಪರಿಶೀಲನಾ ಸಭೆ, ಮಾಡುತ್ತಿದ್ದೇನೆ. ನಲವತ್ತು ಸ್ಲೈಡ್‌ಗಳಾಗಿವೆ. ಮೇ ತಿಂಗಳಲ್ಲಿ ಎಸ್ಎಲ್ಎ, ಅಂದರೆ ಗ್ರಾಹಕರಿಗೆ ಒಪ್ಪಿಕೊಂಡ ಸೇವೆಯ ಗುರಿ, ತಪ್ಪಿದೆ. ಅದನ್ನು ಕೊನೆಗೆ ಇಡಲೇ?"

ಬೇಡ, ಎರಡನೆಯ ಸ್ಲೈಡ್‌ನಲ್ಲೇ ಇಡಿ. ಮೊದಲನೆಯದರಲ್ಲಿ ಕಳೆದ ಸಭೆಯಲ್ಲಿ ಒಪ್ಪಿಕೊಂಡ ಕೆಲಸಗಳು ಮತ್ತು ಅವುಗಳ ಈಗಿನ ಸ್ಥಿತಿ ಇರಲಿ. ಗ್ರಾಹಕರ ಕಡೆಯ ಹಿರಿಯರು ಅರ್ಧ ಗಂಟೆಗೇ ಎದ್ದು ಹೋಗುವುದುಂಟು. ಕೊನೆಗಿಟ್ಟರೆ ನಿಮ್ಮ ವಿವರಣೆ ಅವರಿಗೆ ತಲುಪುವುದೇ ಇಲ್ಲ.

ತ್ರೈಮಾಸಿಕ ಸರಾಸರಿಯ ಹಿಂದೆ ಅಡಗಬೇಡಿ. ಒಂದು ಲೆಕ್ಕ ನೋಡಿ: ಗುರಿ ಶೇ. 90. ಏಪ್ರಿಲ್‌ನಲ್ಲಿ 50 ಟಿಕೆಟ್‌ಗಳಲ್ಲಿ 49, ಮೇನಲ್ಲಿ 40ರಲ್ಲಿ 34, ಜೂನ್‌ನಲ್ಲಿ 50ರಲ್ಲಿ 49 ಸಮಯಕ್ಕೆ ಮುಗಿದಿವೆ. ಒಟ್ಟು ಶೇ. 94 ಆಗುತ್ತದೆ, ಹಸಿರು ಬಣ್ಣ ಬರುತ್ತದೆ. ಆದರೆ ಮೇ ತಿಂಗಳು ಶೇ. 85, ಗ್ರಾಹಕರು ನೆನಪಿಟ್ಟುಕೊಂಡಿರುವುದೂ ಅದನ್ನೇ. ನಾನೊಮ್ಮೆ ಸರಾಸರಿಯನ್ನಷ್ಟೇ ತೋರಿಸಿದ್ದೆ. ಉಳಿದ ಸಭೆಯೆಲ್ಲ ಆ ಒಂದು ತಿಂಗಳ ವಿಚಾರಣೆಯಾಯಿತು.

ಮೇನಲ್ಲಿ ತಪ್ಪಿದ ಆ ಆರು ಟಿಕೆಟ್‌ಗಳನ್ನು ಒಂದೊಂದಾಗಿ ತೆರೆದು ಓದಿ. ಅವುಗಳಲ್ಲಿ ನಾಲ್ಕು, ರಾತ್ರಿ ನಡೆಯುವ ಒಂದೇ ಬಿಲ್ಲಿಂಗ್ ಬ್ಯಾಚ್ ಕೆಲಸದಿಂದ ಬಂದಿದ್ದರೆ, ಸ್ಲೈಡ್‌ಗೆ ಅದೇ ಶೀರ್ಷಿಕೆ: "ಮೇ ತಿಂಗಳ ಆರರಲ್ಲಿ ನಾಲ್ಕು ವಿಳಂಬಗಳಿಗೆ ಬಿಲ್ಲಿಂಗ್ ಬ್ಯಾಚ್ ಕಾರಣ." ಕೆಳಗೆ ಪರಿಹಾರ, ಹೊಣೆ ಹೊತ್ತವರ ಹೆಸರು, ಮುಗಿಯುವ ದಿನಾಂಕ. ಅವರ ಕಡೆಯಿಂದ ಅನುಮತಿ ಬೇಕಿದ್ದರೆ ಅದನ್ನೂ ಅಲ್ಲೇ ಕೇಳಿ.

ನಂತರ ಅವರ ಮುಂದಿನ ಮೂರು ತಿಂಗಳ ಯೋಜನೆಗಳಿಗೆ ಅರ್ಧ ಸಮಯ ಬಿಡಿ. ಹತ್ತು ಸ್ಲೈಡ್‌ಗಳು ಸಾಕು, ಉಳಿದವು ಅನುಬಂಧಕ್ಕೆ ಹೋಗಲಿ. ಮೇ ತಿಂಗಳ ಸ್ಲೈಡನ್ನು ಮಾತ್ರ ಎರಡು ದಿನ ಮೊದಲೇ ಗ್ರಾಹಕರ ಮ್ಯಾನೇಜರ್‌ಗೆ ತೋರಿಸಿ. ತಮ್ಮ ಮೇಲಧಿಕಾರಿಯ ಎದುರು ಅವರು ಅದನ್ನು ಮೊದಲ ಬಾರಿ ನೋಡುವಂತಾಗಬಾರದು.